ಹತ್ತನೇ ಒಂದು ಪಾಲು, ಐದು ವಸ್ಕ್: ಸಾಮಾನ್ಯ ಮಾತಿಗೆ ವಿಶೇಷ ಮಾತು ಎದುರಾದಾಗ

(ಕಾನೂನು ವಿದ್ಯಾರ್ಥಿಗಳೇ ಹೆಚ್ಚಾಗಿದ್ದ ಒಂದು ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸರಿಮಾಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಪತಂಜಲಿಯ ಮಹಾಭಾಷ್ಯದಲ್ಲಿ ಒಂದು ಊಟದ ಮಾತು ಬರುತ್ತದೆ. "ಬ್ರಾಹ್ಮಣರಿಗೆ ಮೊಸರು ಕೊಡಿ, ಕೌಂಡಿನ್ಯನಿಗೆ ಮಜ್ಜಿಗೆ." ಕೌಂಡಿನ್ಯನೂ ಬ್ರಾಹ್ಮಣನೇ. ಹಾಗಾದರೆ ಅವನಿಗೆ ಮೊಸರೂ ಬೇಕು, ಮಜ್ಜಿಗೆಯೂ ಬೇಕು ಅಂತ ವಾದ ಮಾಡಬಹುದು. ಎರಡನ್ನೂ ಬಡಿಸಲು ಅಡ್ಡಿಯೇನೂ ಇಲ್ಲ. ಆದರೆ ಬಡಿಸುವವನು ಯಾರೂ ಹಾಗೆ ಮಾಡುವುದಿಲ್ಲ. ಕೌಂಡಿನ್ಯನಿಗೆ ಮಜ್ಜಿಗೆ ಮಾತ್ರ ಬೀಳುತ್ತದೆ. ವಿಶೇಷವಾಗಿ ಹೇಳಿದ ಮಾತು ಸಾಮಾನ್ಯವಾಗಿ ಹೇಳಿದ ಮಾತನ್ನು ಅಷ್ಟರ ಮಟ್ಟಿಗೆ ತಡೆಯಿತು.

ಇಲ್ಲಿ ಎಲ್ಲವೂ ಸುಲಭ. ಹೇಳಿದವನು ಒಬ್ಬನೇ, ಹೇಳಿದ್ದು ಒಂದೇ ಉಸಿರಿನಲ್ಲಿ, ಕೇಳಿಸಿಕೊಂಡವರೂ ಅವರೇ. ಈಗ ಸ್ವಲ್ಪ ಕಷ್ಟ ಮಾಡೋಣ. ಮೊಸರಿನ ಮಾತನ್ನು ಒಬ್ಬ ಕೇಳಿಸಿಕೊಂಡ, ಮಜ್ಜಿಗೆಯ ಮಾತನ್ನು ಬೇರೆ ದಿನ ಇನ್ನೊಬ್ಬ ಕೇಳಿಸಿಕೊಂಡ. ಯಾವುದು ಮೊದಲು, ಯಾವುದು ಆಮೇಲೆ ಅಂತ ಯಾರಿಗೂ ಗೊತ್ತಿಲ್ಲ. ಹೇಳಿದವರು ಈಗ ಇಲ್ಲ, ಕೇಳುವ ಹಾಗಿಲ್ಲ. ಆಗ ಏನು ಮಾಡಬೇಕು?

ಇದನ್ನು ತುಂಬಾ ಆಳಕ್ಕೆ ಹೋಗಿ ನೋಡಿದವರು ಇಸ್ಲಾಮಿನ ನ್ಯಾಯಶಾಸ್ತ್ರಜ್ಞರು. ಅವರು ಸಾಮಾನ್ಯ ಮಾತಿಗೆ ಆಮ್ ಅನ್ನುತ್ತಾರೆ, ವಿಶೇಷ ಮಾತಿಗೆ ಖಾಸ್. ದಿವಾನ್-ಇ-ಆಮ್, ದಿವಾನ್-ಇ-ಖಾಸ್ ಕೇಳಿದ್ದೀರಲ್ಲ, ಅದೇ. ಅವರ ಚರ್ಚೆಯಲ್ಲಿ ಪದೇ ಪದೇ ಬರುವ ಒಂದೇ ಒಂದು ತಕರಾರನ್ನು ಇವತ್ತು ಹಿಡಿದುಕೊಳ್ಳುತ್ತೇನೆ. ಝಕಾತ್ ಅಂದರೆ ಮುಸ್ಲಿಮರು ಬಡವರಿಗಾಗಿ ತಮ್ಮ ಆಸ್ತಿಯಲ್ಲಿ ಕೊಡಲೇಬೇಕಾದ ಪಾಲು. ತಕರಾರು ಇರುವುದು ಬೆಳೆಯ ಮೇಲಿನ ಝಕಾತ್‌ನಲ್ಲಿ, ಅಂದರೆ ಉಶ್ರ್, ಹತ್ತನೇ ಒಂದು ಪಾಲು.

ಪ್ರವಾದಿ ಮುಹಮ್ಮದರ ಮಾತೆಂದು ಎರಡು ವರದಿಗಳಿವೆ. ಮೊದಲನೆಯದನ್ನು ಹೇಳಿದವರು ಅಬ್ದುಲ್ಲಾ ಇಬ್ನ್ ಉಮರ್. ಸಾರಾಂಶ ಹೀಗೆ: ಆಕಾಶ ಮತ್ತು ಊಟೆಗಳು ನೀರುಣಿಸಿದ ಬೆಳೆಯಲ್ಲಿ ಹತ್ತನೇ ಒಂದು ಪಾಲು, ನೀರೆತ್ತಿ ಬೆಳೆದದ್ದರಲ್ಲಿ ಅದರ ಅರ್ಧ. ಮಳೆ ತಾನಾಗಿ ಬಂತು, ಹಾಗಾಗಿ ಪಾಲು ಜಾಸ್ತಿ. ಕಪಿಲೆ ಹೂಡಿದವನು, ಏತ ಎಳೆದವನು ದುಡಿದಿದ್ದಾನೆ, ಹಾಗಾಗಿ ಕಡಿಮೆ. ಇಲ್ಲಿ ಎಷ್ಟು ಬೆಳೆ ಅನ್ನುವ ಮಾತೇ ಇಲ್ಲ. ಒಂದು ಮೂಟೆಯೋ ನೂರು ಮೂಟೆಯೋ, ಮಳೆ ನೀರುಣಿಸಿದ್ದೆಲ್ಲವೂ ಇದರೊಳಗೆ ಬಂತು.

ಎರಡನೆಯದನ್ನು ಹೇಳಿದವರು ಅಬೂ ಸಯೀದ್ ಅಲ್-ಖುದ್ರಿ. ಐದು ಊಕಿಯಾಗಿಂತ ಕಡಿಮೆ ಬೆಳ್ಳಿಯಲ್ಲಿ ಝಕಾತ್ ಇಲ್ಲ, ಐದಕ್ಕಿಂತ ಕಡಿಮೆ ಒಂಟೆಗಳಲ್ಲಿ ಇಲ್ಲ, ಐದು ವಸ್ಕ್‌ಗಿಂತ ಕಡಿಮೆ ಇದ್ದದ್ದರಲ್ಲಿ ಇಲ್ಲ. ವಸ್ಕ್ ಅಂದರೆ ಧಾನ್ಯ, ಖರ್ಜೂರ ಅಳೆಯುವ ಅಳತೆ. ಒಂದು ವಸ್ಕ್‌ಗೆ 60 ಸಾಅ್, ಐದು ವಸ್ಕ್‌ಗೆ 300 ಸಾಅ್. ನಮ್ಮ ಸೇರು, ಕೊಳಗದ ಹಾಗೆ ಇದು ತೂಕದ ಲೆಕ್ಕವಲ್ಲ, ಪಾತ್ರೆ ತುಂಬಿಸುವ ಲೆಕ್ಕ. ಹಾಗಾಗಿ ಕೆ.ಜಿ.ಗೆ ತಂದರೆ ಧಾನ್ಯದಿಂದ ಧಾನ್ಯಕ್ಕೆ ಸ್ವಲ್ಪ ಬದಲಾಗುತ್ತದೆ. ಸಾಅ್ ಎಷ್ಟು ದೊಡ್ಡದು ಅನ್ನುವುದರಲ್ಲೂ ಜಗಳವಿದೆ. ಹೆಚ್ಚಿನವರು ಒಪ್ಪುವ ಲೆಕ್ಕದಲ್ಲಿ ಗೋಧಿಗೆ ಐದು ವಸ್ಕ್ ಅಂದರೆ ಸುಮಾರು 650 ಕೆ.ಜಿ. ಇವತ್ತಿಗೆ ಅಷ್ಟು ಸಾಕು.

ಈಗ ಒಬ್ಬ ರೈತನನ್ನು ತೆಗೆದುಕೊಳ್ಳಿ. ಮಳೆ ನಂಬಿ ಬಿತ್ತಿದ ಹೊಲದಲ್ಲಿ 4 ಕ್ವಿಂಟಲ್ ಜೋಳ ಬಂತು. ಮೊದಲ ಮಾತನ್ನು ಹಿಡಿದರೆ ಅವನು 40 ಕೆ.ಜಿ. ಕೊಡಬೇಕು. ಕೊಳವೆಬಾವಿ ನೀರಿನಲ್ಲಿ ಬೆಳೆದಿದ್ದರೆ 20 ಕೆ.ಜಿ. ಎರಡನೆಯ ಮಾತನ್ನು ಹಿಡಿದರೆ ಒಂದು ಕಾಳೂ ಕೊಡಬೇಕಿಲ್ಲ. ಪಕ್ಕದ ಹೊಲದವನಿಗೆ 12 ಕ್ವಿಂಟಲ್ ಬಂದಿದ್ದರೆ ತಕರಾರೇ ಇಲ್ಲ, ಎರಡೂ ಮಾತಿನ ಪ್ರಕಾರ 120 ಕೆ.ಜಿ. ಅಂದರೆ ಜಗಳ ಇರುವುದೆಲ್ಲ ಸಣ್ಣ ರೈತನ ಕಣದಲ್ಲಿ.

ಇಸ್ಲಾಮಿನ ನ್ಯಾಯಪಂಥಗಳಿಗೆ ಹೆಸರು ಕೊಟ್ಟವರಲ್ಲಿ ಮಾಲಿಕ್, ಶಾಫಿಈ, ಅಹ್ಮದ್ ಇಬ್ನ್ ಹಂಬಲ್, ಮೂವರೂ ಸಣ್ಣ ರೈತನನ್ನು ಬಿಟ್ಟುಬಿಟ್ಟರು. ಖಾಸ್ ಮಾತು ಆಮ್ ಮಾತನ್ನು ಕತ್ತರಿಸುತ್ತದೆ, ಮೊದಲು ಬಂದಿರಲಿ ಆಮೇಲೆ ಬಂದಿರಲಿ ಅಂದರು. ಕೂಫಾದ ಅಬೂ ಹನೀಫಾ ಬಿಡಲಿಲ್ಲ. ಕಡಿಮೆಯಾಗಲಿ ಹೆಚ್ಚಾಗಲಿ, ನೆಲದಿಂದ ಬಂದದ್ದರಲ್ಲಿ ಪಾಲು ಕೊಡಲೇಬೇಕು ಅಂದರು. ಸೌದೆ, ಹುಲ್ಲು, ಜೊಂಡು, ಇಂಥವನ್ನು ಮಾತ್ರ ಹೊರಗಿಟ್ಟರು.

ಇದು ನಮ್ಮಿಂದ ದೂರದ ವಿಷಯ ಅಂದುಕೊಳ್ಳಬೇಡಿ. ನಮ್ಮ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಹೆಚ್ಚಾಗಿ ಶಾಫಿಈ ಪಂಥದವರು. ಘಟ್ಟದ ಮೇಲಿನ ಉರ್ದು ಮಾತಾಡುವ ಮುಸ್ಲಿಮರು ಹೆಚ್ಚಾಗಿ ಹನಫಿಗಳು, ಅಂದರೆ ಅಬೂ ಹನೀಫಾರ ಪಂಥದವರು. ಒಂದೇ ರಾಜ್ಯದಲ್ಲಿ ಒಂದೇ ಪ್ರಶ್ನೆಗೆ ಎರಡು ಉತ್ತರ ಬದುಕಿವೆ.

ಅಬೂ ಹನೀಫಾ ಯಾಕೆ ಹಾಗೆ ಹೇಳಿದರು? ವಿಶೇಷ ಮಾತು ಅವರ ಕಣ್ಣಿಗೆ ಬೀಳಲಿಲ್ಲ ಅಂತ ಸುಮ್ನೆ ತಳ್ಳಿಹಾಕಬಹುದು. ಆದರೆ ಹನಫಿ ಗ್ರಂಥಗಳು ಆ ಮಾತನ್ನು ಎದುರಿಗಿಟ್ಟುಕೊಂಡೇ ಉತ್ತರ ಕೊಡುತ್ತವೆ. ಆ ಉತ್ತರದಲ್ಲಿ ಎರಡು ಮೆಟ್ಟಿಲುಗಳಿವೆ.

ಮೊದಲ ಮೆಟ್ಟಿಲು ಆಮ್ ಮಾತಿಗೆ ಎಷ್ಟು ಬಲ ಅನ್ನುವುದು. "ಎಲ್ಲ" ಅಂತ ಒಬ್ಬರು ಹೇಳಿದಾಗ ಅದು ನಿಜವಾಗಿಯೂ ಎಲ್ಲವನ್ನೂ ಖಚಿತವಾಗಿ ಹಿಡಿಯುತ್ತದೆಯೇ, ಅಥವಾ ಹೆಚ್ಚಾಗಿ ಹಿಡಿಯುತ್ತದೆ ಅನ್ನುವಷ್ಟೇ ನಂಬಿಕೆಯೇ? ಹೆಚ್ಚಿನ ಪಂಥಗಳು ಎರಡನೆಯದನ್ನು ಒಪ್ಪುತ್ತವೆ. ಸ್ವಲ್ಪವೂ ಕತ್ತರಿ ಬೀಳದ ಆಮ್ ಮಾತೇ ಇಲ್ಲ ಅನ್ನುವುದು ಅವರಲ್ಲಿ ಗಾದೆಯಂತೆ ಓಡಾಡುವ ಮಾತು. ಆಮ್ ಮಾತು ಕೇಳಿದಾಗಲೇ ಎಲ್ಲೋ ಒಂದು ವಿನಾಯಿತಿ ಇದ್ದೀತು ಅಂತ ಕಾಯಬೇಕು. ಖಾಸ್ ಮಾತು ತನ್ನ ವಿಷಯದಲ್ಲಿ ಖಚಿತ. ಖಚಿತವಾದದ್ದು ಬಂದಾಗ ಖಚಿತವಲ್ಲದ್ದು ಜಾಗ ಬಿಡಬೇಕು, ಅಷ್ಟೇ.

ಇರಾಕಿನ ಹನಫಿಗಳು ಇದನ್ನು ಒಪ್ಪುವುದಿಲ್ಲ. "ಎಲ್ಲ" ಅಂದರೆ ಎಲ್ಲ. ಭಾಷೆ ಇರುವುದೇ ಹಾಗೆ. ಕತ್ತರಿ ಬಿದ್ದದ್ದಕ್ಕೆ ಪುರಾವೆ ಸಿಗುವವರೆಗೆ ಆಮ್ ಮಾತೂ ಖಾಸ್ ಮಾತಿನಷ್ಟೇ ಖಚಿತ. ಬರೀ "ಇದ್ದೀತು" ಅನ್ನುವ ಅನುಮಾನಕ್ಕೆ ಬೆಲೆ ಕೊಟ್ಟರೆ ಯಾವ ಆಜ್ಞೆಯೂ ನಿಲ್ಲುವುದಿಲ್ಲ, ಅಲ್ವಾ? ಇದು ಸಣ್ಣ ಮಾತಲ್ಲ.

ಇದನ್ನು ಒಪ್ಪಿಕೊಂಡರೆ ಎರಡನೆಯ ಮೆಟ್ಟಿಲು ತಾನಾಗಿ ಬರುತ್ತದೆ. ಎರಡೂ ಸಮಬಲ ಅಂದಮೇಲೆ ಯಾವುದು ಯಾವಾಗ ಬಂತು ಅಂತ ನೋಡಲೇಬೇಕು. ಎರಡೂ ಒಟ್ಟಿಗೆ ಬಂದಿದ್ದರೆ ಕೌಂಡಿನ್ಯನ ಕಥೆ: ಖಾಸ್ ಮಾತು ವಿನಾಯಿತಿ ಆಗುತ್ತದೆ. ಖಾಸ್ ಮಾತು ತಡವಾಗಿ ಬಂದಿದ್ದರೆ ಅದು ವಿನಾಯಿತಿಯಲ್ಲ, ಅಷ್ಟು ಭಾಗದ ರದ್ದತಿ. ಮೊದಲು ಆ ಭಾಗಕ್ಕೂ ಆಜ್ಞೆ ಇತ್ತು, ಈಗ ಹೋಯಿತು. ಇನ್ನು ಆಮ್ ಮಾತೇ ತಡವಾಗಿ ಬಂದಿದ್ದರೆ? ಇಲ್ಲಿ ಕಾನೂನು ಓದುವವರು ಕಿವಿ ನಿಮಿರಿಸಬೇಕು. ಆಗ ಆಮ್ ಮಾತು ಖಾಸ್ ಮಾತನ್ನು ಅಳಿಸಿಹಾಕುತ್ತದೆ! ನಮ್ಮ ನ್ಯಾಯಾಲಯಗಳಲ್ಲಿ ನೀವು ಕಲಿಯುವುದು ಇದಕ್ಕೆ ಉಲ್ಟಾ. ಆಮೇಲೆ ಬಂದ ಸಾಮಾನ್ಯ ಕಾನೂನು ಮೊದಲೇ ಇದ್ದ ವಿಶೇಷ ಕಾನೂನನ್ನು ಸಾಧಾರಣವಾಗಿ ಮುಟ್ಟುವುದಿಲ್ಲ. ಆ ಸೂತ್ರದ ಹಿಂದೆ ಒಂದು ಊಹೆ ಇದೆ. ಶಾಸನ ಮಾಡುವವರು ವಿಶೇಷವಾಗಿ ಯೋಚಿಸಿ ಮಾಡಿದ್ದನ್ನು ಒಂದು ಸಾಮಾನ್ಯ ಮಾತಿನಲ್ಲಿ ಮರೆತು ಅಳಿಸಿರಲಾರರು ಅನ್ನುವ ಊಹೆ. ಹನಫಿಗಳಿಗೆ ಆ ಊಹೆ ಬೇಡ. "ಎಲ್ಲ" ಅಂದವನು ತಿಳಿದೇ ಹೇಳಿದ್ದಾನೆ.

ನಮ್ಮ ಎರಡು ವರದಿಗಳಲ್ಲಿ ಯಾವುದು ಮೊದಲು ಅಂತ ಗೊತ್ತಿಲ್ಲ. ಸಮಬಲದ ಎರಡು ಮಾತು, ಕಾಲ ಗೊತ್ತಿಲ್ಲ. ಆಗ ಹೊರಗಿನಿಂದ ಒಂದು ತೂಕ ತಂದು ತಕ್ಕಡಿಗೆ ಹಾಕಬೇಕು. ಹನಫಿಗಳು ಹಾಕಿದ ತೂಕ ಎಚ್ಚರಿಕೆಯದು. ಒಂದು ಮಾತು ಕೊಡು ಅನ್ನುತ್ತದೆ, ಇನ್ನೊಂದು ಬೇಡ ಅನ್ನುತ್ತದೆ. ಕೊಟ್ಟರೆ ಬಡವನ ಹಕ್ಕು ಬಾಕಿ ಉಳಿಯುವ ಭಯವಿಲ್ಲ. ಆದ್ದರಿಂದ ಕೊಡು. ಜೊತೆಗೆ ಕುರ್‌ಆನ್‌ನ ಬೆಂಬಲವನ್ನೂ ತರುತ್ತಾರೆ. ಕುಯ್ಲಿನ ದಿನ ಅದರ ಹಕ್ಕನ್ನು ಕೊಡಿ ಅನ್ನುವ ವಚನ 6ನೇ ಅಧ್ಯಾಯದಲ್ಲಿದೆ. ಅಲ್ಲೂ ಅಳತೆಯ ಮಾತಿಲ್ಲ.

ಹಾಗಾದರೆ ಐದು ವಸ್ಕ್‌ನ ವರದಿಯನ್ನು ಬಿಸಾಡಿದರೇ? ಇಲ್ಲ. ನಿಜವಾದ ವರದಿಯನ್ನು ಯಾವ ಪಂಥವೂ ಹಾಗೆ ಬಿಸಾಡುವುದಿಲ್ಲ. ಅದಕ್ಕೆ ಬೇರೆ ಜಾಗ ಹುಡುಕುತ್ತಾರೆ. ಅವರು ಹುಡುಕಿದ ಜಾಗ ನನಗೆ ತುಂಬಾ ಇಷ್ಟ. ಆ ವರದಿ ಹೊಲದ ಬೆಳೆಯದ್ದಲ್ಲ, ವ್ಯಾಪಾರಕ್ಕಿಟ್ಟ ಸರಕಿನದ್ದು ಅಂದರು. ಆ ಕಾಲದಲ್ಲಿ ಮಾರಾಟ ನಡೆಯುತ್ತಿದ್ದದ್ದು ವಸ್ಕ್ ಲೆಕ್ಕದಲ್ಲಿ, ಒಂದು ವಸ್ಕ್‌ನ ಬೆಲೆ 40 ದಿರ್ಹಮ್. ಐದು ವಸ್ಕ್ ಅಂದರೆ 200 ದಿರ್ಹಮ್. ಈಗ ಅದೇ ವರದಿಯ ಮೊದಲ ತುಂಡಿಗೆ ಹೋಗಿ: ಐದು ಊಕಿಯಾ ಬೆಳ್ಳಿ. ಒಂದು ಊಕಿಯಾಗೆ 40 ದಿರ್ಹಮ್, ಐದಕ್ಕೆ 200. ವ್ಯಾಪಾರದ ಸರಕಿಗೆ ಝಕಾತ್ ಶುರುವಾಗುವುದೂ 200 ದಿರ್ಹಮ್‌ನಿಂದಲೇ. ಲೆಕ್ಕ ಕೂಡಿಬಂತು! ಹೊಲದ ಮಾತು ಹೊಲದಲ್ಲಿ, ಅಂಗಡಿಯ ಮಾತು ಅಂಗಡಿಯಲ್ಲಿ. ಎರಡಕ್ಕೂ ಜಗಳವೇ ಇಲ್ಲ.

ಲೆಕ್ಕ ಚೆನ್ನಾಗಿ ಕೂಡಿಬಂದರೆ ಅದೇ ಪುರಾವೆ ಅನಿಸಿಬಿಡುತ್ತದೆ. ಇಲ್ಲಿ ನಾವು ಹುಷಾರಾಗಿರಬೇಕು. ಆ ವರದಿಯಲ್ಲಿ ವ್ಯಾಪಾರ ಅನ್ನುವ ಸುಳಿವೇ ಇಲ್ಲ. ಬೆಳ್ಳಿ, ಒಂಟೆ, ವಸ್ಕ್ ಅಂತ ಮೂರು ಬಗೆಯ ಆಸ್ತಿ ಇದೆ. ಮೂರನೆಯದಕ್ಕೆ ಮಾತ್ರ ವ್ಯಾಪಾರದ ಸರಕು ಅಂತ ಓದಬೇಕಾದರೆ, ಸಿದ್ಧಾಂತವನ್ನು ಉಳಿಸುವ ಹಟ ಬಿಟ್ಟು ಬೇರೆ ಕಾರಣ ಬೇಕು.

ಎದುರು ಪಕ್ಷದ ಗಟ್ಟಿ ಏಟು ಬರುವುದೂ ಅದೇ ವರದಿಯಿಂದ. ಹಂಬಲಿ ಪಂಥದ ಇಬ್ನ್ ಕುದಾಮಾ ಇದನ್ನು ಎತ್ತುತ್ತಾರೆ. ಬೆಳ್ಳಿಯ ಬಗ್ಗೆ ಇನ್ನೊಂದು ಆಮ್ ಮಾತಿದೆ: ಬೆಳ್ಳಿಯಲ್ಲಿ ನಲವತ್ತನೇ ಒಂದು ಪಾಲು. ಅಲ್ಲೂ ಎಷ್ಟು ಬೆಳ್ಳಿ ಅನ್ನುವ ಮಿತಿ ಇಲ್ಲ. ಆದರೆ ಹನಫಿಗಳೂ ಅದನ್ನು ಐದು ಊಕಿಯಾದ ಮಾತಿನಿಂದ ಕತ್ತರಿಸುತ್ತಾರೆ. 200 ದಿರ್ಹಮ್‌ಗಿಂತ ಕಡಿಮೆ ಇದ್ದವನಿಂದ ಯಾರೂ ಝಕಾತ್ ಕೇಳುವುದಿಲ್ಲ. ಒಂದೇ ವರದಿ, ಒಂದೇ ಬಾಯಿ, ಒಂದೇ ವಾಕ್ಯದ ಧಾಟಿ. ಬೆಳ್ಳಿಗೆ ಕತ್ತರಿ, ಜೋಳಕ್ಕೆ ಇಲ್ಲ. ಯಾಕೆ?

ಹನಫಿಗಳಿಗೂ ಇದಕ್ಕೆ ಉತ್ತರವಿದೆ. ಬೆಳ್ಳಿಯ ಮಿತಿಯನ್ನು ಎಲ್ಲರೂ ಒಪ್ಪಿದ್ದಾರೆ, ಬೆಳೆಯ ಮಿತಿಯಲ್ಲಿ ಭಿನ್ನಾಭಿಪ್ರಾಯವಿದೆ. ಎಲ್ಲರೂ ಒಪ್ಪಿದ ಖಾಸ್ ಮಾತಿನ ಬಲವೇ ಬೇರೆ. ಉತ್ತರ ಒಳಗೊಳಗೆ ಸರಿಯಾಗಿಯೇ ಇದೆ. ಆದರೆ ಆ ಭಿನ್ನಾಭಿಪ್ರಾಯದ ಮುಖ್ಯ ದನಿ ಅಬೂ ಹನೀಫಾರದೇ ಅಲ್ವಾ? ನಾನು ಒಪ್ಪುವುದಿಲ್ಲ, ಆದ್ದರಿಂದ ಇದು ಒಪ್ಪಿತವಲ್ಲ ಅಂದ ಹಾಗೆ ನನಗೆ ಕೇಳಿಸುತ್ತದೆ.

ಇನ್ನೊಂದು ಸಂಗತಿಯೂ ಗಮನಿಸುವಂಥದ್ದು. ಅಬೂ ಹನೀಫಾರ ಇಬ್ಬರು ದೊಡ್ಡ ಶಿಷ್ಯರು, ಅಬೂ ಯೂಸುಫ್ ಮತ್ತು ಮುಹಮ್ಮದ್ ಅಲ್-ಶೈಬಾನಿ, ಈ ವಿಷಯದಲ್ಲಿ ಗುರುವಿನ ಜೊತೆಗಿಲ್ಲ. ಐದು ವಸ್ಕ್ ಬೇಕೇ ಬೇಕು ಅಂದರು. ಆಮ್ ಮಾತು ಖಚಿತ ಅನ್ನುವ ಸಿದ್ಧಾಂತವನ್ನು ಅಚ್ಚುಕಟ್ಟಾಗಿ ಬರೆದಿಟ್ಟವರು ಆಮೇಲಿನವರು. ಅವರಲ್ಲಿ ಒಬ್ಬರಾದ ಅಲ್-ಜಸ್ಸಾಸ್ ತೀರಿಕೊಂಡದ್ದು 981ರಲ್ಲಿ. ಅಬೂ ಹನೀಫಾ 767ರಲ್ಲೇ ಹೋಗಿದ್ದರು. ಅಬೂ ಹನೀಫಾರ ತೀರ್ಪುಗಳನ್ನು ಮುಂದಿಟ್ಟುಕೊಂಡು ಇದರ ಹಿಂದೆ ಯಾವ ಸೂತ್ರ ಇದ್ದಿರಬೇಕು ಅಂತ ಹಿಂದಕ್ಕೆ ಹೋಗಿ ಕಟ್ಟಿದ ಶಾಸ್ತ್ರ ಇದು. ಅದು ತಪ್ಪು ಅಂತಲ್ಲ, ನಮ್ಮ ಕೋರ್ಟುಗಳ ತೀರ್ಪುಗಳಿಂದ ನಾವೂ ಹೀಗೇ ಸೂತ್ರ ಹೆಕ್ಕುತ್ತೇವೆ. ಆದರೆ ಸೂತ್ರ ಮೊದಲು, ತೀರ್ಪು ಆಮೇಲೆ ಅಂತ ಓದಿದರೆ ಮೋಸಹೋಗುತ್ತೇವೆ.

ಈ ತಕರಾರನ್ನು ನನ್ನ ಮಟ್ಟಿಗೆ ಬಿಡಿಸಿದವರು 14ನೇ ಶತಮಾನದ ದಮಾಸ್ಕಸ್‌ನ ಇಬ್ನ್ ಅಲ್-ಕಯ್ಯಿಮ್. ಅವರು ಬಲಾಬಲದ ತಕ್ಕಡಿಯನ್ನೇ ಪಕ್ಕಕ್ಕಿಟ್ಟು ಬೇರೆ ಪ್ರಶ್ನೆ ಕೇಳಿದರು. ಮೊದಲ ಮಾತು ಏನನ್ನು ಹೇಳಲು ಹೊರಟಿತ್ತು? ಇನ್ನೊಮ್ಮೆ ಓದಿ. ಮಳೆಯದಾದರೆ ಹತ್ತನೇ ಒಂದು, ಎತ್ತಿದ ನೀರಿನದಾದರೆ ಅದರ ಅರ್ಧ. ಆ ವಾಕ್ಯದ ಕೆಲಸ ಎರಡು ಬಗೆಯ ಬೆಳೆಗಳನ್ನು ಬೇರೆ ಮಾಡಿ ಯಾವುದಕ್ಕೆ ಎಷ್ಟು ದರ ಅಂತ ಹೇಳುವುದು. ಎಷ್ಟು ಬೆಳೆದರೆ ಕೊಡಬೇಕು ಅನ್ನುವುದು ಅದರ ವಿಷಯವೇ ಅಲ್ಲ. ಅಲ್ಲಿ ಅದು ಸುಮ್ಮನಿದೆ. ಆ ವಿಷಯವನ್ನು ನೇರವಾಗಿ ಎತ್ತಿಕೊಂಡದ್ದು ಎರಡನೆಯ ಮಾತು. ಒಂದು ಮಾತು ದರದ್ದು, ಒಂದು ಮಾತು ಮಿತಿಯದ್ದು. ದರದ ಮಾತಿನಲ್ಲಿ ಮಿತಿ ಹೇಳದಿದ್ದುದನ್ನು ಮಿತಿಯೇ ಇಲ್ಲ ಅಂತ ಓದಿದ್ದರಿಂದ ಜಗಳ ಹುಟ್ಟಿತು.

ಈ ಪ್ರಶ್ನೆ ನಮ್ಮ ಕೋರ್ಟುಗಳಲ್ಲೂ ಬಂದಿದೆ. ಜೀವ ವಿಮಾ ನಿಗಮ ಮತ್ತು ಡಿ.ಜೆ. ಬಹಾದುರ್ ನಡುವಿನ ಪ್ರಕರಣ, ಸುಪ್ರೀಂ ಕೋರ್ಟ್, 1980. ನಿಗಮ ತನ್ನ ಮೂರನೇ ಮತ್ತು ನಾಲ್ಕನೇ ದರ್ಜೆಯ ನೌಕರರ ಜೊತೆ 1974ರಲ್ಲಿ ಬೋನಸ್ ಬಗ್ಗೆ ಒಪ್ಪಂದ ಮಾಡಿಕೊಂಡಿತ್ತು. ಆಮೇಲೆ ಅದನ್ನು ಕೈಬಿಡಲು ಹೊರಟಿತು. ನಿಗಮ ತನ್ನ ಕಾಯ್ದೆಯನ್ನು ಹಿಡಿದುಕೊಂಡಿತು, ನೌಕರರು ಕೈಗಾರಿಕಾ ವಿವಾದಗಳ ಕಾಯ್ದೆಯನ್ನು. ವಿಮಾ ನಿಗಮದ ಕಾಯ್ದೆ ಒಂದೇ ಸಂಸ್ಥೆಗಾಗಿ ಮಾಡಿದ್ದು, ಆದ್ದರಿಂದ ವಿಶೇಷ. ಕೈಗಾರಿಕಾ ವಿವಾದಗಳ ಕಾಯ್ದೆ ದೇಶದ ಎಲ್ಲ ಉದ್ದಿಮೆಗಳಿಗೆ, ಆದ್ದರಿಂದ ಸಾಮಾನ್ಯ. ಮೇಲ್ನೋಟಕ್ಕೆ ಹಾಗೆಯೇ ಕಾಣುತ್ತದೆ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಒಪ್ಪಲಿಲ್ಲ. ಯಾವ ಪ್ರಶ್ನೆಗೆ ಉತ್ತರ ಬೇಕಾಗಿದೆ ಅಂತ ನೋಡಿ ಅಂದರು. ವಿಮೆಯ ರಾಷ್ಟ್ರೀಕರಣದ ಪ್ರಶ್ನೆಯಾದರೆ ನಿಗಮದ ಕಾಯ್ದೆ ವಿಶೇಷ. ಮಾಲೀಕ ಮತ್ತು ಕೆಲಸಗಾರರ ವಿವಾದವಾದರೆ ವಿವಾದಗಳ ಕಾಯ್ದೆಯೇ ವಿಶೇಷ, ನಿಗಮದ್ದು ಸಾಮಾನ್ಯ. ಬಹುಮತದ ತೀರ್ಪು ನೌಕರರ ಕಡೆಗೆ ಬಂತು, ಒಪ್ಪಂದ ಉಳಿಯಿತು. ಪೀಠದಲ್ಲಿ ಒಬ್ಬರು ಭಿನ್ನಮತ ಬರೆದರು ಅನ್ನುವುದನ್ನೂ ನೆನಪಿಡಿ. ಇದು ಎಲ್ಲರಿಗೂ ಒಂದೇ ಥರ ಕಾಣುವ ವಿಷಯವಲ್ಲ.

ಮಾತು ಮುಗಿದ ಮೇಲೆ ಒಬ್ಬರು ಎದ್ದು ಕೇಳಿದರು: "ಸರ್, ನಮ್ಮದು ಕೋಲಾರದ ಕಡೆ. ಜೋಳ ಬಿಡಿ, ಟೊಮೆಟೊಗೆ ಏನು ಲೆಕ್ಕ?"

ಒಳ್ಳೆಯ ಪ್ರಶ್ನೆ. ಯಾಕೆಂದರೆ ಇಲ್ಲಿ ವಿನಾಯಿತಿ ಬೇರೆ ಕಾರಣಕ್ಕೆ ಮುಗ್ಗರಿಸುತ್ತದೆ. ತರಕಾರಿಯಲ್ಲಿ ಝಕಾತ್ ಇಲ್ಲ ಅನ್ನುವ ವರದಿಯೂ ಇದೆ. ಅದು ಆಮ್ ಮಾತಿಗೆ ನೇರ ಕತ್ತರಿ. ಆದರೆ ಅದನ್ನು ದಾಖಲಿಸಿದ ತಿರ್ಮಿದಿಯವರೇ ಈ ವಿಷಯದಲ್ಲಿ ಪ್ರವಾದಿಯವರೆಗೆ ಸರಿಯಾಗಿ ತಲುಪುವ ವರದಿ ಇಲ್ಲ ಅಂದಿದ್ದಾರೆ. ಅಂದರೆ ಆಮ್, ಖಾಸ್ ಅಂತ ತೂಗುವ ಮೊದಲು ಖಾಸ್ ಮಾತು ನಿಜವಾಗಿ ಇದೆಯೇ ಅಂತ ನೋಡಬೇಕು. ಅಬೂ ಹನೀಫಾರ ಪ್ರಕಾರ ಟೊಮೆಟೊದಲ್ಲೂ ಪಾಲಿದೆ. ಕೋಲಾರದಲ್ಲಿ ಕೊಳವೆಬಾವಿ ನೀರು ತಾನೇ, ಹಾಗಾಗಿ ಇಪ್ಪತ್ತನೇ ಒಂದು. ಅವರ ಇಬ್ಬರು ಶಿಷ್ಯರ ಪ್ರಕಾರ ಇಲ್ಲ, ಯಾಕೆಂದರೆ ಅದು ಇಟ್ಟರೆ ಉಳಿಯುವುದಿಲ್ಲ. ಶಾಫಿಈಗಳಲ್ಲೂ ಇಲ್ಲ, ಅವರಿಗೆ ಹೊಟ್ಟೆ ತುಂಬಿಸುವ, ಕೂಡಿಡಬಹುದಾದ ಬೆಳೆ ಬೇಕು. ಆದರೆ ಟೊಮೆಟೊ ಮಾರಿ ಬಂದ ದುಡ್ಡು ಮಿತಿ ಮುಟ್ಟಿ ಒಂದು ವರ್ಷ ಕೈಯಲ್ಲಿ ಉಳಿದರೆ ಅದರ ಮೇಲೆ ಝಕಾತ್ ಬರುತ್ತದೆ. ಆಗ ನಲವತ್ತನೇ ಒಂದು ಪಾಲಿನ ಲೆಕ್ಕ.

ಅವರು ಕೂರುತ್ತಾ ಅಂದರು: "ರೇಟು ಬಿದ್ದ ವರ್ಷ ಕೈಯಲ್ಲಿ ಏನು ಉಳಿಯುತ್ತೆ ಸರ್!" ಏನೂ ಉಳಿಯದಿದ್ದರೆ ಶಾಫಿಈ ಲೆಕ್ಕದಲ್ಲಿ ಕೊಡಬೇಕಾದದ್ದೂ ಇಲ್ಲ. ಅಬೂ ಹನೀಫಾರ ಲೆಕ್ಕದಲ್ಲಿ ಇದೆ. ಅದು ಲಾಭದ ಮೇಲಲ್ಲ, ಬೆಳೆಯ ಮೇಲೆ. ಕಿತ್ತ ಟೊಮೆಟೊದಲ್ಲೇ ಆ ಪಾಲು ತೆಗೆದಿಡಬೇಕು.